ಕರೆಂಟು ಹೋದ ಮೇಲಿನ 22 ಸೆಕೆಂಡು

ಪಂಪ್‌ಹೌಸಿನಲ್ಲಿ ಕರೆಂಟು ಹೋದರೆ ಮೋಟಾರು ನಿಲ್ಲುತ್ತದೆ. ಆದರೆ ನೀರು ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ. ನದಿ ದಂಡೆಯ ಜಾಕ್‌ವೆಲ್‌ನಿಂದ ಊರಾಚೆಯ ಗುಡ್ಡದ ಮೇಲಿನ ಟ್ಯಾಂಕಿನವರೆಗೆ ಮಲಗಿರುವ ಕೊಳವೆಯಲ್ಲಿ ಸಾವಿರಾರು ಟನ್ ನೀರು ಒಂದೇ ದಿಕ್ಕಿಗೆ ಹೊರಟಿರುತ್ತದೆ. ಹಿಂದಿನಿಂದ ತಳ್ಳುವವರು ಇಲ್ಲವಾದರೂ ಅದು ಮುಂದಕ್ಕೇ ಹೋಗಲು ನೋಡುತ್ತದೆ. ಮುಂದಿನ ಕೆಲವು ಸೆಕೆಂಡುಗಳಲ್ಲಿ ಕೊಳವೆಯೊಳಗೆ ನಡೆಯುವುದನ್ನು ಕಾಗದದ ಮೇಲೆ ಮೊದಲೇ ಲೆಕ್ಕ ಹಾಕಿಟ್ಟಿದ್ದರೆ ಆ ಯೋಜನೆ ಮೂವತ್ತು ವರ್ಷ ಬಾಳುತ್ತದೆ. ಲೆಕ್ಕ ಹಾಕದಿದ್ದರೆ ಮೊದಲ ಮಳೆಗಾಲದ ಕರೆಂಟು ಕಡಿತಗಳಲ್ಲೇ ಜಾಯಿಂಟು ಬಿಟ್ಟು ರಸ್ತೆಯ ಮೇಲೆ ನೀರು ಹರಿಯುತ್ತದೆ.

ಪಂಪಿನಿಂದ ಎತ್ತರದ ಟ್ಯಾಂಕಿಗೆ ಒತ್ತಡದಲ್ಲಿ ನೀರು ಏರಿಸುವ ಈ ದೊಡ್ಡ ಕೊಳವೆಯನ್ನು ಎಂಜಿನಿಯರುಗಳು ರೈಸಿಂಗ್ ಮೇನ್ ಎನ್ನುತ್ತಾರೆ. ಊರಿಗೊಂದು ಹೊಸ ನೀರಿನ ಯೋಜನೆ ಬಂದಾಗ ಡಿಪಿಆರ್ ಎಂಬ ದಪ್ಪ ಕಡತ ತಯಾರಾಗುತ್ತದೆ. ಅದರೊಳಗೆ ಇರಬೇಕಾದ ಹೈಡ್ರಾಲಿಕ್ ವಿನ್ಯಾಸ ವರದಿ ಮೂರು ಪ್ರಶ್ನೆಗಳಿಗೆ ಉತ್ತರ ಹೇಳುತ್ತದೆ. ಕೊಳವೆಯ ಉದ್ದಕ್ಕೂ ಎಷ್ಟು ಒತ್ತಡ ಕಳೆದುಹೋಗುತ್ತದೆ, ಪಂಪು ಹಠಾತ್ತನೆ ನಿಂತರೆ ಏನಾಗುತ್ತದೆ, ಹಾಗಾದರೆ ಎಂಥ ಪಂಪು ಬೇಕು. ಸಾಮಾನ್ಯವಾಗಿ ಮೊದಲನೆಯದಕ್ಕೆ ಪುಟಗಟ್ಟಲೆ ಲೆಕ್ಕವಿರುತ್ತದೆ, ಮೂರನೆಯದಕ್ಕೆ ಒಂದು ಪಟ್ಟಿ ಇರುತ್ತದೆ. ಎರಡನೆಯದಕ್ಕೆ ಮಾತ್ರ ಎಷ್ಟೋ ಕಡೆ ‘ಸೂಕ್ತ ಏರ್ ವಾಲ್ವ್‌ಗಳನ್ನು ಅಳವಡಿಸುವುದು’ ಎಂಬ ಒಂದೇ ಸಾಲು. ಆ ಒಂದು ಸಾಲು ಸಾಲದು ಎಂಬುದೇ ಈ ಲೇಖನದ ವಾದ.

ಮಾತು ಗಾಳಿಯಲ್ಲಿ ಉಳಿಯಬಾರದೆಂದು ಲೆಕ್ಕಕ್ಕೆ ಒಂದು ಊರನ್ನು ಇಟ್ಟುಕೊಳ್ಳೋಣ. ಹೆಸರು ಬೇಡ, ಕರ್ನಾಟಕದ ಯಾವುದೇ ತಾಲ್ಲೂಕು ಕೇಂದ್ರ ಎಂದುಕೊಳ್ಳಿ. ಅದಕ್ಕೆ ದಿನಕ್ಕೆ 1 ಕೋಟಿ 20 ಲಕ್ಷ ಲೀಟರ್ ನೀರು ಬೇಕು. ಕರೆಂಟು, ರಿಪೇರಿ ಎಲ್ಲ ಕಳೆದು ದಿನಕ್ಕೆ 20 ಗಂಟೆ ಪಂಪು ಓಡುತ್ತದೆ ಎಂದರೆ ಗಂಟೆಗೆ 600 ಘನ ಮೀಟರ್, ಸೆಕೆಂಡಿಗೆ ಸುಮಾರು 167 ಲೀಟರ್ ಸಾಗಬೇಕು. ಜಾಕ್‌ವೆಲ್‌ನಲ್ಲಿ ಬೇಸಿಗೆಯ ನೀರಿನ ಮಟ್ಟ ಸಮುದ್ರಮಟ್ಟದಿಂದ 520 ಮೀಟರ್, ನೀರು ಬೀಳಬೇಕಾದ ಟ್ಯಾಂಕು 565 ಮೀಟರ್, ನಡುವೆ 12 ಕಿಲೋಮೀಟರ್ ದಾರಿ. ದಾರಿ ಒಂದೇ ಸಮನೆ ಏರುವುದಿಲ್ಲ. ಪಂಪ್‌ಹೌಸಿನಿಂದ 7 ಕಿಲೋಮೀಟರ್ ದೂರದಲ್ಲಿ 556 ಮೀಟರ್ ಎತ್ತರದ ಒಂದು ದಿಬ್ಬ ಹತ್ತಿ, ಆಚೆ ತುಸು ಇಳಿದು, ಮತ್ತೆ ಏರುತ್ತದೆ. ಈ ದಿಬ್ಬ ನೆನಪಿರಲಿ. ಮುಂದೆ ನಡೆಯುವ ಕಥೆಯೆಲ್ಲ ಅಲ್ಲೇ ನಡೆಯುತ್ತದೆ.

ನೀರನ್ನು 520ರಿಂದ 565ಕ್ಕೆ ಎತ್ತಲು 45 ಮೀಟರ್ ಒತ್ತಡ ಬೇಕೇ ಬೇಕು. ಇದನ್ನು ಸ್ಥಿರ ಹೆಡ್ ಎನ್ನುತ್ತಾರೆ. ಹೆಡ್ ಎಂದರೆ ಒತ್ತಡವನ್ನು ನೀರಿನ ಎತ್ತರದಲ್ಲಿ ಹೇಳುವ ರೀತಿ. 10 ಮೀಟರ್ ಹೆಡ್ ಎಂದರೆ ಗೇಜಿನಲ್ಲಿ ಹತ್ತಿರಹತ್ತಿರ 1 ಕೆ.ಜಿ. ಒತ್ತಡ. ಈ 45 ಮೀಟರಿನಲ್ಲಿ ಯಾವ ಎಂಜಿನಿಯರೂ ಒಂದಡಿ ಕಡಿಮೆ ಮಾಡಲಾರ. ಬೆಂಗಳೂರಿಗೆ ಬರುವ ಕಾವೇರಿ ನೀರು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಹಂತಗಳಲ್ಲಿ ಸುಮಾರು 500 ಮೀಟರ್ ಏರುತ್ತದೆ. ಅಲ್ಲಿ ಎತ್ತರವೇ ಖರ್ಚಿನ ದೊಡ್ಡ ಪಾಲು, ಅದನ್ನು ತಪ್ಪಿಸುವ ದಾರಿಯಿಲ್ಲ. ನಮ್ಮ ಊರಿನಂಥ ಕಡೆ ಎತ್ತರ ಕಡಿಮೆ, ದೂರ ಹೆಚ್ಚು. ಇಲ್ಲಿ ಎಂಜಿನಿಯರನ ಕೈಯಲ್ಲಿರುವುದು ಘರ್ಷಣೆ.

ನೀರು ಕೊಳವೆಯ ಗೋಡೆಗೆ ಉಜ್ಜಿಕೊಂಡು ಸಾಗುವಾಗ ಒತ್ತಡ ಕರಗುತ್ತದೆ. ಅದನ್ನು ಅಳೆಯಲು ನಮ್ಮ ದೇಶದ ನೀರು ಸರಬರಾಜು ಕಚೇರಿಗಳು ಹೆಚ್ಚಾಗಿ ಬಳಸುವುದು ಹೇಜನ್-ವಿಲಿಯಮ್ಸ್ ಸೂತ್ರ. ಸೂತ್ರಕ್ಕಿಂತ ಅದರಲ್ಲಿ ಅಡಗಿರುವ ಎರಡು ಸಂಗತಿ ಮುಖ್ಯ. ಒಂದು, ಅದೇ ನೀರಿಗೆ ಕೊಳವೆಯ ವ್ಯಾಸ ತುಸು ಹಿಗ್ಗಿದರೂ ನಷ್ಟ ದಡದಡನೆ ಇಳಿಯುತ್ತದೆ. ನಮ್ಮ 12 ಕಿಲೋಮೀಟರಿಗೆ 400 ಮಿಲಿಮೀಟರ್ ಕೊಳವೆ ಹಾಕಿದರೆ ಘರ್ಷಣೆ ನಷ್ಟ ಸುಮಾರು 43 ಮೀಟರ್. 450 ಹಾಕಿದರೆ 24. 500 ಹಾಕಿದರೆ 14. ಐವತ್ತು ಮಿಲಿಮೀಟರ್ ಎಂದರೆ ಎರಡು ಇಂಚು. ಆ ಎರಡಿಂಚು ದೊಡ್ಡ ಕೊಳವೆ ಅರ್ಧದ ಹತ್ತಿರ ನಷ್ಟವನ್ನು ನುಂಗಿಬಿಡುತ್ತದೆ.

ಹಾಗಾದರೆ ದೊಡ್ಡದನ್ನೇ ಹಾಕಿಬಿಡಬಹುದಲ್ಲ? ಇಲ್ಲಿ ದುಡ್ಡಿನ ಲೆಕ್ಕ ಬರುತ್ತದೆ. ಬೆಂಡು, ವಾಲ್ವುಗಳಲ್ಲಿ ಹೋಗುವ ಸಣ್ಣಪುಟ್ಟ ನಷ್ಟಕ್ಕೆ ಘರ್ಷಣೆಯ ಹತ್ತನೇ ಒಂದು ಭಾಗ ಸೇರಿಸಿ, ಪಂಪ್‌ಹೌಸಿನೊಳಗಿನ ಕೊಳವೆಗಳಿಗೆ ಎರಡೂವರೆ ಮೀಟರಿನಷ್ಟು ಹಿಡಿದರೆ, ಪಂಪು ಕೊಡಬೇಕಾದ ಒಟ್ಟು ಹೆಡ್ 400ಕ್ಕೆ ಸುಮಾರು 94 ಮೀಟರ್, 450ಕ್ಕೆ 74, 500ಕ್ಕೆ 63. ಪಂಪು-ಮೋಟಾರು ಸೇರಿ ನೂರಕ್ಕೆ ಎಪ್ಪತ್ತೈದರಷ್ಟು ದಕ್ಷತೆ, ಯೂನಿಟ್ಟಿಗೆ 6 ರೂಪಾಯಿ ಎಂದು ಹಿಡಿಯಿರಿ. ವರ್ಷದ ಕರೆಂಟು ಬಿಲ್ಲು ಕ್ರಮವಾಗಿ 90 ಲಕ್ಷ, 71 ಲಕ್ಷ, 60 ಲಕ್ಷ ರೂಪಾಯಿಯ ಆಸುಪಾಸಿಗೆ ಬರುತ್ತದೆ. 400ರಿಂದ 450ಕ್ಕೆ ಹೋದರೆ ವರ್ಷಕ್ಕೆ 19 ಲಕ್ಷ ಉಳಿತಾಯ. 450ರಿಂದ 500ಕ್ಕೆ ಹೋದರೆ ಬರೀ 10 ಲಕ್ಷ. ಪ್ರತಿ ಮೆಟ್ಟಿಲಿಗೂ ಕೊಳವೆಯ ಬೆಲೆ ಮೀಟರಿಗೆ 1,200 ರೂಪಾಯಿ ಏರುತ್ತದೆ ಎಂದುಕೊಂಡರೆ 12 ಕಿಲೋಮೀಟರಿಗೆ 1 ಕೋಟಿ 44 ಲಕ್ಷ ಹೆಚ್ಚುವರಿ ಖರ್ಚು. ಮೂವತ್ತು ವರ್ಷದ ಉಳಿತಾಯವನ್ನು ಶೇ 10ರ ಬಡ್ಡಿಯಲ್ಲಿ ಇಂದಿನ ಬೆಲೆಗೆ ಇಳಿಸಿದರೆ ಮೊದಲ ಮೆಟ್ಟಿಲಿನ ಉಳಿತಾಯ ಸುಮಾರು 1 ಕೋಟಿ 80 ಲಕ್ಷ. ಹಾಕಿದ ದುಡ್ಡು ಮರಳಿ ಬಂತು. ಎರಡನೆಯದು ಒಂದು ಕೋಟಿಯನ್ನೂ ಮುಟ್ಟುವುದಿಲ್ಲ; ನಷ್ಟ. ಹೀಗೆ 450 ಗೆದ್ದಿತು. ದರಗಳು ಬದಲಾದರೆ ಉತ್ತರವೂ ಬದಲಾಗುತ್ತದೆ, ಮೊದಲ ವರ್ಷಗಳಲ್ಲಿ ಊರಿಗೆ ಪೂರ್ತಿ ನೀರು ಬೇಕಿರುವುದಿಲ್ಲವಾದ್ದರಿಂದ ಉಳಿತಾಯ ಸ್ವಲ್ಪ ತಗ್ಗುತ್ತದೆ. ಒಳ್ಳೆಯ ವರದಿ ಇದನ್ನೆಲ್ಲ ಎರಡು ಹದಿನೈದು ವರ್ಷಗಳ ಹಂತಗಳಾಗಿ ಒಡೆದು ತೋರಿಸುತ್ತದೆ. ನಮ್ಮಲ್ಲಿ ಕೊಳವೆಯನ್ನು 30 ವರ್ಷಕ್ಕೆ, ಪಂಪನ್ನು 15 ವರ್ಷಕ್ಕೆ ಎಂದು ವಿನ್ಯಾಸ ಮಾಡುವುದು ವಾಡಿಕೆ.

ಸೂತ್ರದಲ್ಲಿ ಅಡಗಿರುವ ಎರಡನೆಯ ಸಂಗತಿ ‘ಸಿ’ ಎಂಬ ಒಂದು ಅಂಕಿ. ಕೊಳವೆಯ ಒಳಮೈ ಎಷ್ಟು ನುಣುಪು ಎಂಬುದನ್ನು ಅದು ಹೇಳುತ್ತದೆ. ಒಳಗೆ ಸಿಮೆಂಟ್ ಲೇಪಿಸಿದ ಡಿಐ ಪೈಪಿಗೆ ಸಾಮಾನ್ಯವಾಗಿ 140 ಹಿಡಿಯುತ್ತಾರೆ. ಲೇಪವಿಲ್ಲದ ಹಳೆಯ ಬೀಡುಕಬ್ಬಿಣದ ಕೊಳವೆ ತುಕ್ಕು ಹಿಡಿದು ಗಂಟುಗಂಟಾದರೆ ಅದು 100ಕ್ಕೂ ಕೆಳಗೆ ಬೀಳಬಹುದು. ಆ ಹಳೆಯ ಅನುಭವದಿಂದಲೋ ಏನೋ, ಹೊಸ ಲೇಪಿತ ಕೊಳವೆಗೂ ‘ಇರಲಿ, ಸೇಫ್ ಸೈಡಿಗೆ’ ಎಂದು 100 ಹಾಕುವ ಅಭ್ಯಾಸ ಇನ್ನೂ ಇದೆ. ಈ ಸೇಫ್ ಸೈಡ್ ಎಷ್ಟು ದುಬಾರಿ ನೋಡಿ. 100 ಹಾಕಿದ ಕೂಡಲೇ 24 ಮೀಟರ್ ನಷ್ಟ 45 ಆಗುತ್ತದೆ, ಪಂಪಿನ ಹೆಡ್ 74ರ ಬದಲು 97. ಪಂಪು ಹಾಗೆಯೇ ಟೆಂಡರಾಗಿ ಬರುತ್ತದೆ. ಆದರೆ ನೆಲದಲ್ಲಿರುವ ಕೊಳವೆಗೆ 74 ಸಾಕು. ಪಂಪು ಬೇಕಾದ್ದಕ್ಕಿಂತ ಹೆಚ್ಚು ನೀರು ಎಳೆಯತೊಡಗುತ್ತದೆ, ಮೋಟಾರು ಬಿಸಿಯಾಗುತ್ತದೆ, ಆಪರೇಟರು ವಾಲ್ವನ್ನು ಅರ್ಧ ಮುಚ್ಚಿ ನಿಭಾಯಿಸುತ್ತಾನೆ. ಪಂಪು ಎತ್ತಿಕೊಟ್ಟ 23 ಮೀಟರನ್ನು ವಾಲ್ವು ನುಂಗುತ್ತದೆ. ಅದಕ್ಕೆ ತಗಲುವ ವಿದ್ಯುತ್ತು ಸುಮಾರು 50 ಕಿಲೋವ್ಯಾಟ್, ವರ್ಷಕ್ಕೆ ಮೂರೂವರೆ ಲಕ್ಷ ಯೂನಿಟ್ಟಿಗೂ ಮೇಲೆ, 20 ಲಕ್ಷ ರೂಪಾಯಿಗೂ ಹೆಚ್ಚು. ಇದು ಯಾವ ಆಡಿಟ್ಟಿನಲ್ಲೂ ಕಾಣುವುದಿಲ್ಲ. ನೀರು ಬರುತ್ತಿದೆಯಲ್ಲ! ಯಾವುದಾದರೂ ಪಂಪ್‌ಹೌಸಿನಲ್ಲಿ ಹೊರಹರಿವಿನ ವಾಲ್ವು ದಿನವೂ ಅರ್ಧ ಮುಚ್ಚಿಯೇ ಇದ್ದರೆ, ವಿನ್ಯಾಸ ವರದಿಯ ‘ಸಿ’ ಅಂಕಿಯನ್ನು ಒಮ್ಮೆ ತೆರೆದು ನೋಡಬೇಕು.

ದಿಬ್ಬದ ಮೇಲೆ ಒಡೆಯುವ ನೀರು

ಈಗ ಕರೆಂಟು ಹೋಗಲಿ. ನಮ್ಮ ಕೊಳವೆಯಲ್ಲಿ ಆ ಕ್ಷಣಕ್ಕೆ 19 ಲಕ್ಷ ಲೀಟರ್ ನೀರಿದೆ, ಅಂದರೆ 1,900 ಟನ್. ವೇಗ ಸೆಕೆಂಡಿಗೆ 1.05 ಮೀಟರ್, ಮನುಷ್ಯ ಆರಾಮಾಗಿ ನಡೆಯುವಷ್ಟು. ನಡಿಗೆಯ ವೇಗವೇ ಆದರೂ, ತುಂಬಿದ ಗೂಡ್ಸ್ ರೈಲೊಂದು ಅದೇ ವೇಗದಲ್ಲಿ ಬರುತ್ತಿದ್ದರೆ ಯಾರೂ ಎದುರು ನಿಂತು ತಡೆಯಲು ಹೋಗುವುದಿಲ್ಲ.

1897ರಲ್ಲಿ ರಷ್ಯಾದ ವಿಜ್ಞಾನಿ ನಿಕೊಲಾಯ್ ಜುಕೊವ್‌ಸ್ಕಿ ಮಾಸ್ಕೋ ನಗರದ ನೀರಿನ ಕೊಳವೆಗಳಲ್ಲಿ ಪ್ರಯೋಗ ನಡೆಸಿ ಇದರ ನಿಯಮವನ್ನು ಬಿಡಿಸಿದರು. ಹರಿವು ಹಠಾತ್ತನೆ ನಿಂತಾಗ ಒತ್ತಡದ ಒಂದು ಅಲೆ ಹುಟ್ಟಿ, ನೀರಿನಲ್ಲಿ ಶಬ್ದ ಸಾಗುವಂಥದೇ ರಭಸದಲ್ಲಿ ಕೊಳವೆಯ ಉದ್ದಕ್ಕೂ ಓಡುತ್ತದೆ. ನಮ್ಮ ಡಿಐ ಕೊಳವೆಯ ಗೋಡೆ ಸುಮಾರು 8.6 ಮಿಲಿಮೀಟರ್ ದಪ್ಪ; ಅದರಲ್ಲಿ ಈ ಅಲೆಯ ವೇಗ ಸೆಕೆಂಡಿಗೆ ಸುಮಾರು 1,100 ಮೀಟರ್. ಅಲೆಯ ವೇಗವನ್ನು ನೀರಿನ ವೇಗದಿಂದ ಗುಣಿಸಿ ಗುರುತ್ವದ 9.81ರಿಂದ ಭಾಗಿಸಿದರೆ ಒತ್ತಡ ಎಷ್ಟು ಏರಬಹುದು ಅಥವಾ ಇಳಿಯಬಹುದು ಎಂಬುದು ಸಿಗುತ್ತದೆ. ನಮ್ಮ ಲೆಕ್ಕದಲ್ಲಿ 118 ಮೀಟರ್. ಪಂಪಿನ ಬಾಯಲ್ಲಿ ಇದ್ದ ಒತ್ತಡವೇ 71 ಮೀಟರ್. ಎಪ್ಪತ್ತೊಂದರಲ್ಲಿ ನೂರಾ ಹದಿನೆಂಟು ಕಳೆಯಬೇಕು ಎನ್ನುತ್ತದೆ ಗಣಿತ!

ಪಂಪು ಮತ್ತು ಮೋಟಾರಿನ ತಿರುಗುವ ಭಾಗಗಳು ಹಗುರ. ಮೂರು-ನಾಲ್ಕು ಸೆಕೆಂಡಿನಲ್ಲಿ ಅವುಗಳ ತಳ್ಳುವ ಶಕ್ತಿ ಮುಗಿಯುತ್ತದೆ. ಹೊರಟ ಅಲೆ 12 ಕಿಲೋಮೀಟರ್ ಹೋಗಿ ಟ್ಯಾಂಕಿಗೆ ಬಡಿದು, ‘ಅಲ್ಲಿ ನೀರಿದೆ’ ಎಂಬ ಸುದ್ದಿ ಹೊತ್ತು ವಾಪಸು ಬರಲು 22 ಸೆಕೆಂಡು ಬೇಕು. ಅಷ್ಟು ಹೊತ್ತು ಪಂಪ್‌ಹೌಸಿನ ಕಡೆಗೆ ಯಾವ ನೆರವೂ ಬರುವುದಿಲ್ಲ. ಪಂಪು ನಿಲ್ಲುವ ಹೊತ್ತು ಈ 22 ಸೆಕೆಂಡಿಗಿಂತ ಕಡಿಮೆ ಇದೆಯೋ ಹೆಚ್ಚಿದೆಯೋ ಎಂಬುದು ವರದಿ ಓದುವವರು ನೋಡಬೇಕಾದ ಮೊದಲ ಅಂಕಿ. ಕಡಿಮೆಯಿದ್ದರೆ ಪೆಟ್ಟು ಹತ್ತಿರಹತ್ತಿರ ಪೂರ್ತಿ ಬೀಳುತ್ತದೆ. ಉದ್ದನೆಯ ಕೊಳವೆಗಳಲ್ಲಿ ಯಾವಾಗಲೂ ಕಡಿಮೆಯೇ.

ಅಲೆ ಹೊರಟ ಆರೂವರೆ ಸೆಕೆಂಡಿಗೆ ದಿಬ್ಬ ಮುಟ್ಟುತ್ತದೆ. ಪಂಪು ಓಡುವಾಗ ದಿಬ್ಬದ ಮೇಲೆ ಕೊಳವೆಯಲ್ಲಿ ಇದ್ದ ಒತ್ತಡ ಬರೀ 20 ಮೀಟರ್. ಅಲೆ ಅಲ್ಲಿಗೆ ಬಂದಾಗ ಒತ್ತಡ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಆದರೆ ನೀರು ಎಳೆತವನ್ನು ತಡೆಯಲಾರದು. ವಾತಾವರಣಕ್ಕಿಂತ ಒಂಬತ್ತು ಚಿಲ್ಲರೆ ಮೀಟರ್ ಕೆಳಗಾದರೆ ಸಾಧಾರಣ ಉಷ್ಣತೆಯಲ್ಲೇ ಕುದಿದು ಆವಿಯಾಗುತ್ತದೆ. ದಿಬ್ಬದ ನೆತ್ತಿಯಲ್ಲಿ ನೀರಿನ ಕಂಬ ಎರಡು ತುಂಡಾಗಿ ನಡುವೆ ಆವಿಯ ಪೊಳ್ಳು ಬಾಯಿ ತೆರೆಯುತ್ತದೆ. ದಿಬ್ಬದಾಚೆಯ 5 ಕಿಲೋಮೀಟರ್ ನೀರು ಇನ್ನೂ ಟ್ಯಾಂಕಿನ ಕಡೆಗೆ ಹೋಗುತ್ತಲೇ ಇದೆ. ಎದುರಿನ ಎತ್ತರ ಅದನ್ನು ನಿಧಾನ ಮಾಡುತ್ತ, 25-30 ಸೆಕೆಂಡಿನಲ್ಲಿ ನಿಲ್ಲಿಸುತ್ತದೆ. ಅಷ್ಟರಲ್ಲಿ ಪೊಳ್ಳು ಎರಡು ಸಾವಿರ ಲೀಟರಿಗೂ ದೊಡ್ಡದಾಗಿರುತ್ತದೆ. ಆಮೇಲೆ ಆ 800 ಟನ್ ನೀರು ಹಿಂದಕ್ಕೆ ಹೊರಡುತ್ತದೆ. ಅದನ್ನು ತಡೆಯಲು ನಡುವೆ ಏನೂ ಇಲ್ಲ, ಬರೀ ಆವಿ. ಮತ್ತೆ ಅರ್ಧ ನಿಮಿಷದಲ್ಲಿ ಪೊಳ್ಳು ಮುಚ್ಚಿ ಎರಡು ಕಂಬ ಒಂದಕ್ಕೊಂದು ಗುದ್ದುತ್ತವೆ.

ಗುದ್ದುವ ವೇಗ ಸೆಕೆಂಡಿಗೆ 0.85 ಮೀಟರ್ ಎಂದರೆ ಆ ಜಾಗದಲ್ಲಿ ಒತ್ತಡ 48 ಮೀಟರ್ ನೆಗೆಯುತ್ತದೆ. ಆ ಹೊಸ ಅಲೆ ಪಂಪ್‌ಹೌಸಿಗೆ ಇಳಿದು, ಮುಚ್ಚಿರುವ ನಾನ್-ರಿಟರ್ನ್ ವಾಲ್ವಿಗೆ ಬಡಿದು ದುಪ್ಪಟ್ಟಾಗುತ್ತದೆ. ಅಲ್ಲಿ ಒತ್ತಡ 120 ಮೀಟರಿನ ಆಸುಪಾಸು ಹೋಗುತ್ತದೆ. ಡಿಐ ಪೈಪಿನ ಮೈ ಇದನ್ನು ತಾಳಿಕೊಳ್ಳುತ್ತದೆ, ನಿಜ. ತಾಳದಿರುವುದು ಬೇರೆಯವು. 90 ಡಿಗ್ರಿ ಬೆಂಡಿನ ಹಿಂದಿರುವ ಕಾಂಕ್ರೀಟು ದಿಮ್ಮಿಯನ್ನು ನೀರು ದಿನವೂ 18 ಟನ್ ಬಲದಿಂದ ನೂಕುತ್ತಿದ್ದರೆ ಆ ಕ್ಷಣ 30 ಟನ್ ಬಲದಿಂದ ನೂಕುತ್ತದೆ. ದಿಮ್ಮಿ ಬೆರಳಿನಷ್ಟು ಸರಿದರೂ ಜಾಯಿಂಟು ಬಿಡುತ್ತದೆ. ಮತ್ತೊಂದು ಅಪಾಯ ಕಣ್ಣಿಗೆ ಕಾಣದ್ದು. ಒತ್ತಡ ಸೊನ್ನೆಗಿಂತ ಕೆಳಗಿದ್ದ ಆ ಹೊತ್ತಿನಲ್ಲಿ ಜಾಯಿಂಟಿನ ರಬ್ಬರು ಒಳಕ್ಕೆ ಎಳೆಸಿಕೊಳ್ಳುತ್ತದೆ, ಸೋರುವ ಸಂದಿಯಿದ್ದರೆ ಸುತ್ತಲಿನ ಚರಂಡಿ ನೀರು, ಗದ್ದೆಯ ಕೆಸರು ಕುಡಿಯುವ ನೀರಿನೊಳಕ್ಕೆ ಬರುತ್ತದೆ. ಕೊಳವೆ ಒಡೆದರೆ ಸುದ್ದಿಯಾಗುತ್ತದೆ. ಕೊಳಕು ಒಳಗೆ ಬಂದರೆ ಆಸ್ಪತ್ರೆಯಲ್ಲಿ ಮಾತ್ರ ಗೊತ್ತಾಗುತ್ತದೆ.

ಇದನ್ನು ನಿಲ್ಲಿಸುವ ದಾರಿಗಳು ಹಲವು, ಅವುಗಳಲ್ಲಿ ಯಾವುದು ಯಾವುದಕ್ಕೆ ಎಂಬ ಗೊಂದಲವೂ ಬಹಳ. ಪಂಪ್‌ಹೌಸಿನ ಹೊರಗೆ ಒಂದು ಸರ್ಜ್ ರಿಲೀಫ್ ವಾಲ್ವ್ ಹಾಕಿದರೆ ಆಯಿತು ಎಂದು ಅನೇಕರು ನಂಬುತ್ತಾರೆ. ಅದು ಒತ್ತಡ ಏರಿದಾಗ ತೆರೆದು ನೀರು ಹೊರಚೆಲ್ಲುತ್ತದೆ. ಆದರೆ ನಮ್ಮ ಕಥೆಯಲ್ಲಿ ಮೊದಲು ಆದದ್ದು ಒತ್ತಡ ಇಳಿದದ್ದು. ದಿಬ್ಬದ ಮೇಲೆ ನೀರು ಒಡೆಯುವಾಗ ಏಳು ಕಿಲೋಮೀಟರ್ ದೂರದ ಆ ವಾಲ್ವಿಗೆ ಮಾಡಲು ಏನೂ ಇಲ್ಲ. ದಿಬ್ಬದ ಮೇಲಿನ ಏರ್ ವಾಲ್ವು ಗಾಳಿ ಒಳಬಿಟ್ಟು ನಿರ್ವಾತವನ್ನು ತಪ್ಪಿಸುತ್ತದೆ. ಅದು ಒಳ್ಳೆಯದೇ. ಆದರೆ ಮರಳಿ ಬರುವ ನೀರು ಆ ಗಾಳಿಯನ್ನು ಭರ್ರನೆ ಹೊರದೂಡಿದರೆ ಕೊನೆಯ ಗುಳ್ಳೆ ಹೋದ ಕ್ಷಣ ಮತ್ತೆ ಅದೇ ಗುದ್ದು. ಆದ್ದರಿಂದ ಇಂಥ ಜಾಗಕ್ಕೆ ಗಾಳಿಯನ್ನು ಬೇಗ ಒಳಬಿಟ್ಟು, ಸಣ್ಣ ರಂಧ್ರದಿಂದ ನಿಧಾನವಾಗಿ ಹೊರಬಿಡುವ ಮಾದರಿಯೇ ಬೇಕು ಎಂದು ವರದಿ ಸ್ಪಷ್ಟವಾಗಿ ಬರೆಯಬೇಕು. ‘ಸೂಕ್ತ ಏರ್ ವಾಲ್ವ್’ ಎಂದರೆ ಟೆಂಡರಿನಲ್ಲಿ ಅಗ್ಗದ್ದು ಬರುತ್ತದೆ.

ನಮ್ಮ ಊರಿಗೆ ಸರಿಯಾದ ಮದ್ದು ಏರ್ ವೆಸೆಲ್. ಪಂಪ್‌ಹೌಸಿನ ಹೊರಗೆ ಕೊಳವೆಗೆ ಜೋಡಿಸಿದ ಉಕ್ಕಿನ ದೊಡ್ಡ ಸಿಲಿಂಡರು. ಕೆಳಗೆ ನೀರು, ಮೇಲೆ ಒತ್ತಿಟ್ಟ ಗಾಳಿ. ಕರೆಂಟು ಹೋದ ಕೂಡಲೇ ಕೊಳವೆಯ ಒತ್ತಡ ಇಳಿಯುತ್ತಿದ್ದಂತೆ ಗಾಳಿ ಹಿಗ್ಗಿ ನೀರನ್ನು ಕೊಳವೆಗೆ ನೂಕುತ್ತದೆ. ಪಂಪು ಬಿಟ್ಟ ಕೆಲಸವನ್ನು ಅದು ಸ್ವಲ್ಪ ಹೊತ್ತು ಮುಂದುವರಿಸಿ, 1,900 ಟನ್ ನೀರು ಮೂರ್ನಾಲ್ಕು ಸೆಕೆಂಡಿನ ಬದಲು ಒಂದೂವರೆ-ಎರಡು ನಿಮಿಷದಲ್ಲಿ ಮೆಲ್ಲಗೆ ನಿಲ್ಲುವಂತೆ ಮಾಡುತ್ತದೆ. ಎಷ್ಟು ದೊಡ್ಡದು ಬೇಕು? ದಿಬ್ಬದ ಮೇಲೆ ಒತ್ತಡ ಯಾವ ಕ್ಷಣಕ್ಕೂ ಸೊನ್ನೆಗೆ ಇಳಿಯಬಾರದು, ಎರಡು ಮೀಟರಾದರೂ ಉಳಿಯಬೇಕು ಎಂದಿಟ್ಟುಕೊಂಡು ಚಲಿಸುವ ನೀರಿನ ಶಕ್ತಿಯನ್ನು ಗಾಳಿ ಮಾಡುವ ಕೆಲಸದೊಂದಿಗೆ ತೂಗಿದರೆ, ಓಡುವಾಗ 10 ಘನ ಮೀಟರ್ ಗಾಳಿ ಇರಬೇಕು, ಅದು 19ರವರೆಗೆ ಹಿಗ್ಗುತ್ತದೆ ಎಂದು ಬರುತ್ತದೆ. ತಳದಲ್ಲಿ ಯಾವಾಗಲೂ ನೀರು ಉಳಿಯಬೇಕಾದ್ದರಿಂದ ವೆಸೆಲ್‌ನ ಗಾತ್ರ ಸುಮಾರು 25 ಘನ ಮೀಟರ್. ಇದು ಕೈಲೆಕ್ಕ, ಕೊನೆಯ ಗಾತ್ರವನ್ನು ಕಂಪ್ಯೂಟರಿನಲ್ಲಿ ಸೆಕೆಂಡಿನ ಸಣ್ಣ ಸಣ್ಣ ಭಾಗಗಳಾಗಿ ಅಲೆಯನ್ನು ಓಡಿಸಿ ನಿರ್ಧರಿಸಬೇಕು. ವರದಿಯಲ್ಲಿ ಆ ಓಟದ ಚಿತ್ರ ಇರಲೇಬೇಕು: ಕೊಳವೆ ಸಾಗುವ ನೆಲದ ಗೆರೆ, ಅದರ ಮೇಲೆ ಅತಿ ಹೆಚ್ಚು ಒತ್ತಡದ ಗೆರೆ, ಅತಿ ಕಡಿಮೆ ಒತ್ತಡದ ಗೆರೆ. ಕೆಳಗಿನ ಒತ್ತಡದ ಗೆರೆ ಎಲ್ಲಿಯೂ ನೆಲದ ಗೆರೆಯನ್ನು ಕಡಿಯಬಾರದು. ಎಂಜಿನಿಯರಿಂಗ್ ಗೊತ್ತಿಲ್ಲದ ಪುರಸಭೆ ಸದಸ್ಯರೂ ಈ ಒಂದು ಚಿತ್ರವನ್ನು ಓದಬಲ್ಲರು.

ವೆಸೆಲ್ ಹಾಕಿದ ಮೇಲೆ ಹೊಸದೊಂದು ತೊಂದರೆ ಹುಟ್ಟುತ್ತದೆ, ಇದನ್ನು ಮರೆಯುವವರೇ ಹೆಚ್ಚು. ವೆಸೆಲ್ ಪಂಪಿನ ಪಕ್ಕದಲ್ಲೇ ಇರುವುದರಿಂದ ಕರೆಂಟು ಹೋದ ಕ್ಷಣ ಅದರ ನೀರು ಪಂಪಿನ ಕಡೆಗೂ ನುಗ್ಗುತ್ತದೆ. ನಾನ್-ರಿಟರ್ನ್ ವಾಲ್ವಿನ ಬಾಗಿಲು ಹಳೆಯ ತೂಗುಬಾಗಿಲಿನ ಮಾದರಿಯದಾದರೆ ಅದು ಮುಚ್ಚುವಷ್ಟರಲ್ಲಿ ನೀರು ಹಿಮ್ಮುಖವಾಗಿ ವೇಗ ಪಡೆದಿರುತ್ತದೆ, ಬಾಗಿಲು ಧಡಾರನೆ ಬಡಿಯುತ್ತದೆ. ಆ ಶಬ್ದ ಪಂಪ್‌ಹೌಸಿನ ಹೊರಗೂ ಕೇಳುತ್ತದೆ. ಸ್ಪ್ರಿಂಗಿನಿಂದ ಬೇಗ ಮುಚ್ಚುವ, ಬಡಿಯದ ಮಾದರಿಯ ವಾಲ್ವೇ ಅಲ್ಲಿಗೆ ಬೇಕು.

ಒಂದೇ ಪಂಪು ಓಡುವ ಹೊತ್ತು

ಪಂಪಿನ ಆಯ್ಕೆಗೆ ಬರೋಣ. 600 ಘನ ಮೀಟರನ್ನು ಒಂದೇ ದೊಡ್ಡ ಪಂಪಿಗೆ ಒಪ್ಪಿಸದೆ ಗಂಟೆಗೆ 300ರ ಎರಡು ಪಂಪು, ಜತೆಗೊಂದು ಕಾಯ್ದಿರಿಸಿದ ಪಂಪು ಎಂದು ಇಡುವುದು ಸಾಮಾನ್ಯ. ಎರಡೂ ಓಡುವಾಗ ಪ್ರತಿಯೊಂದೂ 74 ಮೀಟರ್ ಹೆಡ್‌ಗೆ 300 ಘನ ಮೀಟರ್ ಕೊಡುತ್ತದೆ. ಅದಕ್ಕೆ ಬೇಕಾಗುವ ಶಕ್ತಿ ಸುಮಾರು 76 ಕಿಲೋವ್ಯಾಟ್. ತುಸು ಅವಕಾಶ ಬಿಟ್ಟು 90 ಕಿಲೋವ್ಯಾಟಿನ ಮೋಟಾರು ಎಂದು ವರದಿ ಬರೆದು ಮುಗಿಸುತ್ತದೆ.

ಆದರೆ ಬೇಡಿಕೆ ಕಡಿಮೆಯಿರುವ ದಿನ, ಇಲ್ಲವೇ ಒಂದು ಪಂಪು ರಿಪೇರಿಯಲ್ಲಿರುವ ದಿನ, ಒಂದೇ ಪಂಪು ಓಡುತ್ತದೆ. ಆಗ ಅದು ಅರ್ಧ ನೀರು ಕೊಡುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಹಾಗಾಗುವುದಿಲ್ಲ. ಕೊಳವೆಯಲ್ಲಿ ನೀರು ಕಡಿಮೆಯಾದರೆ ಘರ್ಷಣೆ ಕುಸಿಯುತ್ತದೆ, ಪಂಪಿಗೆ ಎದುರಾಗುವ ಒತ್ತಡ 74ರಿಂದ 59ಕ್ಕೆ ಇಳಿಯುತ್ತದೆ. ಒತ್ತಡ ಇಳಿದಷ್ಟೂ ಸೆಂಟ್ರಿಫ್ಯೂಗಲ್ ಪಂಪು ಹೆಚ್ಚು ನೀರು ಎಸೆಯುತ್ತದೆ. ನಮ್ಮ ಊರಿಗೆ ಹೊಂದುವ ಒಂದು ಸಾಧಾರಣ ಪಂಪಿನ ವಕ್ರರೇಖೆಯನ್ನು ಕೊಳವೆಯ ವಕ್ರರೇಖೆಯ ಮೇಲಿಟ್ಟು ನೋಡಿದರೆ, ಒಬ್ಬಂಟಿ ಪಂಪು ಗಂಟೆಗೆ 400 ಘನ ಮೀಟರಿಗೂ ತುಸು ಹೆಚ್ಚು ಎಳೆಯುತ್ತದೆ. ಎರಡು ಪಂಪು ಸೇರಿ ಕೊಡುವ ನೀರಿನ ಮೂರರಲ್ಲಿ ಎರಡು ಭಾಗ! ಅಲ್ಲಿ ಅದರ ದಕ್ಷತೆಯೂ ತಗ್ಗಿರುತ್ತದೆ. ಹೀರುವ ಶಕ್ತಿ 90 ಕಿಲೋವ್ಯಾಟ್ ದಾಟುತ್ತದೆ. ಅಂದರೆ 90ರ ಮೋಟಾರು ತನ್ನ ತುತ್ತತುದಿಯಲ್ಲಿ ಬೇಯುತ್ತಿರುತ್ತದೆ. ವರದಿ 110 ಎಂದು ಬರೆಯಬೇಕಿತ್ತು.

ಇನ್ನೊಂದು ತೊಂದರೆ ಪಂಪಿನ ಹೀರುವ ಬದಿಯಲ್ಲಿದೆ. ಪಂಪು ನೀರನ್ನು ಎಳೆಯುವುದಿಲ್ಲ. ವಾತಾವರಣ ನೀರನ್ನು ಪಂಪಿನೊಳಕ್ಕೆ ನೂಕುತ್ತದೆ. 520 ಮೀಟರ್ ಎತ್ತರದ ಊರಿನಲ್ಲಿ ಆ ನೂಕುವ ಬಲ 9.7 ಮೀಟರಿನಷ್ಟು. ಪಂಪನ್ನು ನೀರಿನಿಂದ ಮೂರು ಮೀಟರ್ ಮೇಲೆ ಕೂರಿಸಿದ್ದರೆ, ಹೀರುಕೊಳವೆಯ ನಷ್ಟ ಮತ್ತು ನೀರಿನ ಆವಿಯ ಒತ್ತಡ ಕಳೆದು ಐದೂವರೆ ಮೀಟರ್ ಮಾತ್ರ ಉಳಿಯುತ್ತದೆ. 300 ಘನ ಮೀಟರಿನಲ್ಲಿ ಓಡುವಾಗ ಪಂಪಿಗೆ ಮೂರೂವರೆ ಬೇಕಿದ್ದರೆ, 400ರಲ್ಲಿ ಬೇಡಿಕೆ ಐದು-ಐದೂವರೆಗೆ ಏರುತ್ತದೆ. ಇದ್ದದ್ದೆಲ್ಲ ಮುಗಿಯಿತು. ಇಂಪೆಲ್ಲರಿನ ಬಾಯಲ್ಲಿ ನೀರು ಆವಿಯಾಗಿ ಗುಳ್ಳೆ ಎದ್ದು, ಒಳಗೆ ಹೋಗಿ ಸಿಡಿಯತೊಡಗುತ್ತದೆ. ಪಂಪಿನೊಳಗೆ ಜಲ್ಲಿಕಲ್ಲು ಉರುಳಿದಂಥ ಶಬ್ದ ಬಂದರೆ ಅದೇ. ಕೆಲವು ತಿಂಗಳ ಬಳಿಕ ಬಿಚ್ಚಿ ನೋಡಿದರೆ ಇಂಪೆಲ್ಲರಿನ ರೆಕ್ಕೆಗಳು ಗೆದ್ದಲು ತಿಂದಂತೆ ತೂತುತೂತಾಗಿರುತ್ತವೆ. ಬೇಸಿಗೆಯಲ್ಲಿ ನದಿ ಇನ್ನೂ ಕೆಳಗಿಳಿದರೆ ಇದು ಬೇಗ ಬರುತ್ತದೆ. ಅದಕ್ಕೇ ನದಿ ದಂಡೆಯ ಜಾಕ್‌ವೆಲ್‌ಗಳಲ್ಲಿ ನೀರೊಳಗೇ ಇಂಪೆಲ್ಲರು ಮುಳುಗಿರುವ ವರ್ಟಿಕಲ್ ಟರ್ಬೈನ್ ಪಂಪುಗಳನ್ನು ಆರಿಸುವುದು ಜಾಣತನ.

ಹೀಗೆ ನೋಡಿದರೆ ಪಂಪಿನ ಪಟ್ಟಿಯಲ್ಲಿ ‘300 ಘನ ಮೀಟರ್, 74 ಮೀಟರ್’ ಎಂಬ ಒಂದೇ ಬಿಂದು ಇದ್ದರೆ ವರದಿ ಅರ್ಧ ಮಾತ್ರ ಮುಗಿದಿದೆ. ಹೊಸ ಕೊಳವೆ, ಹಳೆಯ ಕೊಳವೆ, ತುಂಬಿದ ನದಿ, ಬತ್ತಿದ ನದಿ, ಒಂದು ಪಂಪು, ಎರಡು ಪಂಪು – ಇವೆಲ್ಲದರಲ್ಲೂ ಪಂಪು ಎಲ್ಲಿ ನಿಲ್ಲುತ್ತದೆ ಎಂದು ತೋರಿಸಬೇಕು.

ವರದಿ ಸರಿಯಿತ್ತೋ ಇಲ್ಲವೋ ಎಂಬುದು ಕೊಳವೆ ಮಣ್ಣಿನಡಿ ಹೋದ ಮೇಲೂ ಪರೀಕ್ಷಿಸಲು ಬರುತ್ತದೆ. ಫ್ಲೋ ಮೀಟರು ಮತ್ತು ಎರಡು ಕಡೆ ಒಳ್ಳೆಯ ಗೇಜು ಇದ್ದರೆ ಘರ್ಷಣೆಯನ್ನು ಅಳೆದು ನಿಜವಾದ ‘ಸಿ’ ಕಂಡುಹಿಡಿಯಬಹುದು. ನೀರು ಕಡಿಮೆಯಾಗುತ್ತ ಪಂಪಿನ ಗೇಜು ಮಾತ್ರ ಮೇಲೇರುತ್ತಿದ್ದರೆ ದಿಬ್ಬದ ನೆತ್ತಿಯಲ್ಲಿ ಗಾಳಿ ಸಿಕ್ಕಿಹಾಕಿಕೊಂಡಿರಬಹುದು, ಇಲ್ಲವೇ ಯಾವುದೋ ವಾಲ್ವು ಪೂರ್ತಿ ತೆರೆದಿಲ್ಲ. ಏರ್ ವಾಲ್ವಿನ ಗುಂಡಿಗೆ ಮಣ್ಣು ತುಂಬಿದ್ದರೆ, ರೈತರೊಬ್ಬರು ಅದರಿಂದ ನೀರು ಸೋರುತ್ತದೆಂದು ಮುಚ್ಚಿಸಿಬಿಟ್ಟಿದ್ದರೆ, ಮೊದಲು ಅದನ್ನು ನೋಡಬೇಕು.

ಸರ್ಜ್ ಲೆಕ್ಕಕ್ಕೆ ಪರೀಕ್ಷೆ ಇನ್ನೂ ನೇರ. ಯೋಜನೆ ಹಸ್ತಾಂತರವಾಗುವ ಮುನ್ನ ಮೊದಲು ಒಂದು ಪಂಪು, ಆಮೇಲೆ ಎರಡೂ ಪಂಪು ಓಡುತ್ತಿರುವಾಗ ಬೇಕೆಂದೇ ಕರೆಂಟು ಕಡಿದು, ಪಂಪ್‌ಹೌಸಿನಲ್ಲೂ ದಿಬ್ಬದ ಮೇಲೂ ಒತ್ತಡವನ್ನು ಸೆಕೆಂಡಿಗೆ ಹತ್ತಾರು ಬಾರಿ ದಾಖಲಿಸುವ ಉಪಕರಣದಿಂದ ಬರೆದುಕೊಳ್ಳಬೇಕು. ಸಾಧಾರಣ ಮುಳ್ಳಿನ ಗೇಜಿಗೆ ಈ ವೇಗ ಹಿಡಿಯಲು ಬಾರದು. ಸಿಕ್ಕ ಗೆರೆಯನ್ನು ವರದಿಯ ಗೆರೆಯ ಪಕ್ಕದಲ್ಲಿಟ್ಟು ಹೋಲಿಸಿ ನೋಡಿದ ಮೇಲೆಯೇ ಗುತ್ತಿಗೆದಾರರ ಕೊನೆಯ ಬಿಲ್ಲಿಗೆ ಸಹಿ ಬೀಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅನೇಕ ಕಡೆ ಈ ಪರೀಕ್ಷೆ ಮಾಡಲು ಹೆದರುತ್ತಾರೆ, ‘ಕೊಳವೆ ಒಡೆದರೆ?’ ಎಂದು. ಒಡೆಯುವುದಿದ್ದರೆ ಗುತ್ತಿಗೆದಾರರ ಹೊಣೆಯ ಅವಧಿಯಲ್ಲಿ, ಹಗಲಿನಲ್ಲಿ, ಎಂಜಿನಿಯರುಗಳೆಲ್ಲ ನಿಂತು ನೋಡುತ್ತಿರುವಾಗ ಒಡೆಯುವುದೇ ಮೇಲು.

ಆಮೇಲಿನ ಕೆಲಸ ಪಂಪ್ ಆಪರೇಟರನದು. ವೆಸೆಲ್‌ನೊಳಗಿನ ಗಾಳಿ ನಿಧಾನವಾಗಿ ನೀರಿನಲ್ಲಿ ಕರಗಿಹೋಗುತ್ತಿರುತ್ತದೆ. ಒಳಗೆ ರಬ್ಬರಿನ ಚೀಲವಿರುವ ಮಾದರಿಯಾದರೆ ಚಿಂತೆ ಕಡಿಮೆ. ಇಲ್ಲದಿದ್ದರೆ ಕಂಪ್ರೆಸರಿನಿಂದ ಗಾಳಿ ತುಂಬುತ್ತಿರಬೇಕು. ಕಂಪ್ರೆಸರು ಕೆಟ್ಟು ಮೂಲೆ ಸೇರಿದರೆ ಕೆಲವು ವಾರಗಳಲ್ಲಿ ಸಿಲಿಂಡರು ಪೂರ್ತಿ ನೀರು ತುಂಬಿಕೊಂಡು ನಿಲ್ಲುತ್ತದೆ. ಹೊರಗಿನಿಂದ ನೋಡಿದರೆ ಏನೂ ಬದಲಾಗಿರುವುದಿಲ್ಲ. ವೆಸೆಲ್‌ನ ಪಕ್ಕದಲ್ಲಿ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ ಇರುತ್ತದೆ. ಪಂಪು ಓಡುವಾಗ ನೀರು ಎಲ್ಲಿಗಿರಬೇಕು ಎಂದು ಅದರ ಮೇಲೆ ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆದು, ಪ್ರತಿ ಪಾಳಿಯ ಆರಂಭದಲ್ಲಿ ಅದನ್ನು ನೋಡಿ ಲಾಗ್‌ಬುಕ್ಕಿನಲ್ಲಿ ಬರೆಯಬೇಕು ಎಂಬ ಸೂಚನೆ ವಿನ್ಯಾಸ ವರದಿಯ ಕೊನೆಯ ಪುಟದಲ್ಲೇ, ಆಪರೇಟರನಿಗೆ ತಿಳಿಯುವ ಕನ್ನಡದಲ್ಲಿ ಇರಬೇಕು.